ಐದು ಊರಿನ ತಂಡಕ್ಕೆ ಒಂದು ದಿನಾಂಕ: ಯಾವ ರಜಾ ಪಟ್ಟಿ ನೋಡಬೇಕು?

ನಮ್ಮ ತಂಡ ಐದು ಊರುಗಳಲ್ಲಿದೆ. ಬೆಂಗಳೂರು, ಚೆನ್ನೈ, ಕೊಚ್ಚಿ, ಪುಣೆ, ಕೋಲ್ಕತ್ತ. 2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಎಲ್ಲರನ್ನೂ ಎರಡು ದಿನ ಬೆಂಗಳೂರಿಗೆ ಕರೆಸಬೇಕಿತ್ತು. ದಿನಾಂಕ ಗೊತ್ತು ಮಾಡುವ ಕೆಲಸ ನನ್ನದು. ಫೋನಿನ ಕ್ಯಾಲೆಂಡರ್ ತೆರೆದೆ. ಸೆಪ್ಟೆಂಬರ್ 5, ಶುಕ್ರವಾರ, ಓಣಂ ಮತ್ತು ಈದ್ ಮಿಲಾದ್ ಎಂದಿತ್ತು. ಅದೊಂದು ದಿನ ಬಿಟ್ಟರಾಯ್ತು ಅಂದುಕೊಂಡು 3 ಮತ್ತು 4ಕ್ಕೆ ಇನ್ವೈಟ್ ಕಳಿಸಿದೆ. ಎಲ್ಲರೂ ಒಪ್ಪಿಕೊಂಡರು, ಕೊಚ್ಚಿಯವರೂ ಸೇರಿ.

ನಾಲ್ಕು ದಿನ ಆದ ಮೇಲೆ ಕೊಚ್ಚಿಯ ಸಹೋದ್ಯೋಗಿ ಫೋನ್ ಮಾಡಿದರು. ತುಂಬ ಹಿಂಜರಿಯುತ್ತಾ ಮಾತಾಡಿದರು. "ಮೇಡಂ, ನಾಲ್ಕನೇ ತಾರೀಕು ನಮ್ಮಲ್ಲಿ ಉತ್ರಾಡಂ. ಓಣಂ ಹಿಂದಿನ ದಿನ. ಅವತ್ತು ಇಡೀ ಊರು ಅಂಗಡಿ ಬೀದಿಯಲ್ಲಿರುತ್ತೆ. ಹೂವು, ತರಕಾರಿ, ಬಟ್ಟೆ ಎಲ್ಲಾ ಅವತ್ತೇ. ಸಂಜೆ ಆರಕ್ಕೆ ಮೀಟಿಂಗ್ ಮುಗಿಸಿ ರಾತ್ರಿ ಬೆಂಗಳೂರಿನಿಂದ ಹೊರಡಬೇಕು ಅಂದ್ರೆ ಬಸ್ಸೂ ಸಿಗಲ್ಲ, ರೈಲೂ ಸಿಗಲ್ಲ. ಬೆಳಿಗ್ಗೆ ಹಬ್ಬದ ಊಟಕ್ಕೆ ಮನೆ ಸೇರೋದು ಕಷ್ಟ." ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಎಲ್ಲರೂ ಒಪ್ಪಿದ್ದರಲ್ಲ, ನಾನೊಬ್ಬಳೇ ಹೇಗೆ ಬೇಡ ಅನ್ನಲಿ" ಅಂದರು.

ಆ ಮಾತು ಇನ್ನೂ ನೆನಪಿದೆ. ತಪ್ಪು ನನ್ನದು. ನಾಲ್ಕನೇ ತಾರೀಕು ಕೇರಳದಲ್ಲಿ ಸರ್ಕಾರಿ ರಜೆಯೇ ಆಗಿತ್ತು, ಒಂದನೇ ಓಣಂ ಅಂತ. ಬ್ಯಾಂಕುಗಳಿಗೂ ರಜೆ. ನಾನು ನೋಡಿದ ಪಟ್ಟಿಯಲ್ಲಿ ಅದು ಇರಲಿಲ್ಲ, ಅಷ್ಟೇ. ಅಲ್ಲಿಂದ ಮುಂದೆ ದಿನಾಂಕ ಹುಡುಕುವಾಗ ಯಾವ ಪಟ್ಟಿ ಯಾವ ಕೆಲಸಕ್ಕೆ ಆಗುತ್ತೆ, ಎಲ್ಲಿ ಕೈಕೊಡುತ್ತೆ ಎಂದು ಒಂದೊಂದಾಗಿ ನೋಡಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಫೋನಿನ ಕ್ಯಾಲೆಂಡರ್

ಮೇಲ್ ಜೊತೆ ಬರುವ ಕ್ಯಾಲೆಂಡರಿನಲ್ಲಿ "ಭಾರತದ ರಜಾದಿನಗಳು" ಅಂತ ಒಂದು ಪಟ್ಟಿ ಹಾಕಿಕೊಳ್ಳಬಹುದು. ಎಲ್ಲರ ಹತ್ತಿರವೂ ಇದೇ ಇರುತ್ತೆ. ಇದರ ತೊಂದರೆ ಏನೆಂದರೆ ಇಡೀ ದೇಶಕ್ಕೆ ಒಂದೇ ಪಟ್ಟಿ. ಆದರೆ ಇಡೀ ದೇಶಕ್ಕೆ ಒಂದೇ ಸಲ ಬಾಗಿಲು ಹಾಕುವ ರಾಷ್ಟ್ರೀಯ ರಜೆಗಳು ಮೂರೇ: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಉಳಿದದ್ದನ್ನು ಆಯಾ ರಾಜ್ಯ ತೀರ್ಮಾನಿಸುತ್ತೆ. ಹಾಗಾಗಿ ಈ ಪಟ್ಟಿಯಲ್ಲಿ ಎರಡು ಬಗೆಯ ತಪ್ಪು ಆಗುತ್ತೆ. ನಿಮ್ಮ ಯಾವ ಊರಿನಲ್ಲೂ ರಜೆಯಿಲ್ಲದ ದಿನವನ್ನು ಹಬ್ಬ ಎಂದು ತೋರಿಸುತ್ತೆ, ನೀವು ಸುಮ್ನೆ ಒಂದು ಒಳ್ಳೆಯ ದಿನ ಬಿಟ್ಟುಬಿಡುತ್ತೀರಿ. ಇನ್ನೊಂದು ಕಡೆ, ಮೂರು ನಾಲ್ಕು ದಿನ ನಡೆಯುವ ಹಬ್ಬಕ್ಕೆ ಒಂದೇ ದಿನ ಗುರುತು ಹಾಕುತ್ತೆ. ನನಗೆ ಆಗಿದ್ದು ಇದೇ.

ಒಂದು ಗಂಟೆಯ ಕರೆಗೆ ಇದು ಸಾಕು. ಯಾರಿಗಾದರೂ ಆಗದಿದ್ದರೆ ಮರುದಿನಕ್ಕೆ ಹಾಕಬಹುದು. ಟಿಕೆಟ್ ಮಾಡಿಸಬೇಕಾದ ಯಾವ ಕೆಲಸಕ್ಕೂ ಇದೊಂದನ್ನೇ ನಂಬಬೇಡಿ.

ರಾಜ್ಯ ಸರ್ಕಾರದ ಪಟ್ಟಿ

ಪ್ರತಿ ರಾಜ್ಯವೂ ಹಿಂದಿನ ವರ್ಷದ ಕೊನೆಯ ಹೊತ್ತಿಗೆ ಮುಂದಿನ ವರ್ಷದ ರಜೆಗಳನ್ನು ರಾಜ್ಯಪತ್ರದಲ್ಲಿ ಹೊರಡಿಸುತ್ತೆ. ನಮ್ಮಲ್ಲಿ ಇದರಲ್ಲಿ ಎರಡು ಭಾಗ. ಸಾರ್ವತ್ರಿಕ ರಜೆ ಒಂದು, ಪರಿಮಿತ ರಜೆ ಇನ್ನೊಂದು. ಮೊದಲನೆಯದರಲ್ಲಿ ಕಚೇರಿಯೇ ಮುಚ್ಚುತ್ತೆ. ಎರಡನೆಯದರಲ್ಲಿ ಕಚೇರಿ ತೆರೆದಿರುತ್ತೆ, ಬೇಕಾದವರು ಆ ಪಟ್ಟಿಯಿಂದ ಆರಿಸಿಕೊಂಡು ರಜೆ ಹಾಕುತ್ತಾರೆ. ದಿನಾಂಕ ಹುಡುಕುವವರು ಎರಡನ್ನೂ ಓದಬೇಕು. ಐದು ಜನರ ತಂಡದಲ್ಲಿ ಇಬ್ಬರು ಪರಿಮಿತ ರಜೆ ಹಾಕಿದರೆ ಆ ಮೀಟಿಂಗ್ ನಡೆದಂತೆಯೇ ಅಲ್ಲ.

ಕರ್ನಾಟಕದ ಪಟ್ಟಿಯ ಕೊನೆಯಲ್ಲಿ ಸಣ್ಣದಾಗಿ ಬರೆದ ಸೂಚನೆಗಳಿರುತ್ತವೆ. ಅವುಗಳನ್ನು ಬಿಡದೆ ಓದಿ. ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ ಬೀಳುವ ಹಬ್ಬಗಳು ಪಟ್ಟಿಯಲ್ಲೇ ಇರುವುದಿಲ್ಲ, ಹೇಗಿದ್ದರೂ ಅವತ್ತು ರಜೆ ಎಂದು. 2025ರ ಯುಗಾದಿ ಭಾನುವಾರ, ಮಾರ್ಚ್ 30ಕ್ಕೆ ಬಂತು. ಪಟ್ಟಿಯನ್ನಷ್ಟೇ ನೋಡಿದವರಿಗೆ ಆ ವಾರದಲ್ಲಿ ಯುಗಾದಿಯೇ ಇಲ್ಲ ಅನಿಸುತ್ತೆ. ಆದರೆ ಶನಿವಾರ ಸಂಜೆ ಊರಿಗೆ ಹೋದವರು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಜರಿರುತ್ತಾರೆ ಎಂದುಕೊಳ್ಳೋದು ತಪ್ಪು. ಮಂಡ್ಯ, ಮೈಸೂರು, ಹಾಸನದ ಕಡೆಯವರಿಗೆ ಯುಗಾದಿ ಮರುದಿನ ಹೊಸತೊಡಕು. ಮಾಂಸದ ಊಟ, ನೆಂಟರು, ಇಸ್ಪೀಟು. ಎಷ್ಟೋ ಮನೆಗಳಲ್ಲಿ ಯುಗಾದಿಗಿಂತ ಅದೇ ದೊಡ್ಡ ಹಬ್ಬ. ಯಾವ ಸರ್ಕಾರಿ ಪಟ್ಟಿಯಲ್ಲೂ ಹೊಸತೊಡಕು ಎಂಬ ಹೆಸರಿನಲ್ಲಿ ರಜೆ ಇಲ್ಲ.

ಜಿಲ್ಲೆಗೆ ಮಾತ್ರ ಸೇರಿದ ರಜೆಗಳೂ ಉಂಟು. ಕೊಡಗಿಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಮಡಿಕೇರಿಯಿಂದ ಕೆಲಸ ಮಾಡುವ ಒಬ್ಬರು ತಂಡದಲ್ಲಿದ್ದರೆ ಬೆಂಗಳೂರಿನ ರಜಾ ಪಟ್ಟಿ ಅವರಿಗೆ ಪೂರ್ತಿ ಹೊಂದುವುದಿಲ್ಲ.

ಸರ್ಕಾರದ ಪಟ್ಟಿ ನಿಖರ. ಆದರೆ ಐದು ರಾಜ್ಯದ ಐದು ಪಟ್ಟಿ ತೆಗೆದು, ಒಂದರ ಪಕ್ಕ ಒಂದಿಟ್ಟು ನೋಡುವುದು ಅರ್ಧ ದಿನದ ಕೆಲಸ. ವರ್ಷಕ್ಕೊಮ್ಮೆ ಮಾಡಿಟ್ಟುಕೊಳ್ಳಬಹುದು. ಪ್ರತಿ ಮೀಟಿಂಗಿಗೂ ಆಗುವುದಿಲ್ಲ.

ಬ್ಯಾಂಕ್ ರಜಾ ಪಟ್ಟಿ

ನಾನು ಈಗ ಮೊದಲು ತೆರೆಯುವುದು ಇದನ್ನೇ. ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ತಿಂಗಳಿಗೊಂದು ಕೋಷ್ಟಕ ಇರುತ್ತೆ. ಎಡಗಡೆ ಊರುಗಳ ಹೆಸರು, ಮೇಲೆ ತಾರೀಕು, ಯಾವ ಊರಿಗೆ ಯಾವತ್ತು ರಜೆಯೋ ಅಲ್ಲಿ ಗುರುತು. ಬೆಂಗಳೂರು, ಚೆನ್ನೈ, ಕೊಚ್ಚಿ, ತಿರುವನಂತಪುರ, ಮುಂಬೈ, ಕೋಲ್ಕತ್ತ, ಹೈದರಾಬಾದ್ ಎಲ್ಲಾ ಒಂದೇ ಪುಟದಲ್ಲಿ. ರಾಜ್ಯಗಳು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ ಘೋಷಿಸುವ ರಜೆಗಳೇ ಇಲ್ಲಿ ಬರುವುದರಿಂದ, ಐದು ರಾಜ್ಯಪತ್ರ ತೆರೆಯುವ ಕಷ್ಟ ಜಾಸ್ತಿ ಪಾಲು ತಪ್ಪುತ್ತೆ.

ಇದರ ಬೆಲೆ ಗೊತ್ತಾಗಬೇಕಾದರೆ 2025ರ ದೀಪಾವಳಿ ವಾರ ನೋಡಿ. ಬ್ಯಾಂಕುಗಳು ಮುಚ್ಚಿದ್ದು ಹೀಗೆ:

| ಊರು | ಅ. 20 ಸೋಮ | ಅ. 21 ಮಂಗಳ | ಅ. 22 ಬುಧ | ಅ. 23 ಗುರು |
|---|---|---|---|---|
| ಬೆಂಗಳೂರು | ರಜೆ | | ರಜೆ | |
| ಚೆನ್ನೈ | ರಜೆ | | | |
| ಕೊಚ್ಚಿ | ರಜೆ | | | |
| ಮುಂಬೈ | | ರಜೆ | ರಜೆ | |
| ಕೋಲ್ಕತ್ತ | ರಜೆ | | | ರಜೆ |

ಒಂದೇ ಹಬ್ಬ, ನಾಲ್ಕು ದಿನಕ್ಕೆ ಹರಡಿದೆ. ಚೆನ್ನೈಯವರಿಗೆ ನರಕ ಚತುರ್ದಶಿಯ ಎಣ್ಣೆ ಸ್ನಾನ ಆದರೆ ಹಬ್ಬ ಬಹುಪಾಲು ಮುಗಿಯಿತು. ನಮಗೆ ಅದರ ಜೊತೆ ಬಲಿಪಾಡ್ಯಮಿಯೂ ಬೇಕು. ಮುಂಬೈ, ಪುಣೆಯಲ್ಲಿ ಅಮಾವಾಸ್ಯೆಯ ಲಕ್ಷ್ಮೀಪೂಜೆಯೇ ಮುಖ್ಯ, ಹಾಗಾಗಿ ಸೋಮವಾರ ಅಲ್ಲಿ ಬ್ಯಾಂಕು ತೆರೆದಿತ್ತು. ಕೋಲ್ಕತ್ತದವರಿಗೆ ಸೋಮವಾರ ಕಾಳಿಪೂಜೆ, ಗುರುವಾರ ಅಣ್ಣತಮ್ಮಂದಿರಿಗೆ ತಿಲಕ ಇಡುವ ಭಾಯಿಫೋಟಾ. "ದೀಪಾವಳಿ ಬಿಟ್ಟು ಬೇರೆ ದಿನ ಹೇಳಿ" ಎಂದು ಚೆನ್ನೈಯವರು ಬರೆದರೆ ಅವರ ಲೆಕ್ಕದಲ್ಲಿ ಬಿಡಬೇಕಾದ್ದು ಒಂದು ದಿನ. ಅದೇ ಮಾತನ್ನು ಬೆಂಗಳೂರಿನವರು ಬರೆದರೆ ಮೂರು ದಿನ. ಮಂಗಳವಾರ ನಮ್ಮಲ್ಲಿ ಬ್ಯಾಂಕು ತೆರೆದಿತ್ತು ನಿಜ. ಆದರೆ ಎರಡು ರಜೆ ನಡುವಿನ ಆ ದಿನ ಯಾರು ತಾನೆ ಸಿಗುತ್ತಾರೆ?

ಈ ಪಟ್ಟಿಗೂ ಮಿತಿ ಇದೆ. ಪುಣೆ ಎಂದು ಹುಡುಕಿದರೆ ಸಿಗುವುದಿಲ್ಲ. ಮಹಾರಾಷ್ಟ್ರಕ್ಕೆ ಮುಂಬೈ, ಬೇಲಾಪುರ, ನಾಗಪುರ ಇವೆ, ಅವುಗಳಿಂದ ಅಂದಾಜು ಮಾಡಬೇಕು. ಏಪ್ರಿಲ್ 1ರಂತೆ ಲೆಕ್ಕ ಮುಗಿಸಲು ಬ್ಯಾಂಕು ಮುಚ್ಚುವ ದಿನವೂ ಇದರಲ್ಲಿರುತ್ತೆ, ಅದಕ್ಕೂ ಹಬ್ಬಕ್ಕೂ ಸಂಬಂಧ ಇಲ್ಲ. ಮುಖ್ಯವಾಗಿ, ಬ್ಯಾಂಕಿಗೆ ರಜೆ ಇರುವ ದಿನ ನಿಮ್ಮ ಕಂಪನಿಗೆ ರಜೆ ಇರಲೇಬೇಕು ಅಂತಿಲ್ಲ. 2025ರ ಅಕ್ಟೋಬರ್ 7, ವಾಲ್ಮೀಕಿ ಜಯಂತಿ, ಬೆಂಗಳೂರಿನಲ್ಲಿ ಬ್ಯಾಂಕು ಮುಚ್ಚಿತ್ತು. ನಮ್ಮ ಆಫೀಸಿನಲ್ಲಿ ಅವತ್ತು ಮಾಮೂಲಿ ಕೆಲಸ.

ಕಂಪನಿಯ ಸ್ವಂತ ಪಟ್ಟಿ

ಕರ್ನಾಟಕದಲ್ಲಿ ಕೈಗಾರಿಕಾ ಸಂಸ್ಥೆಗಳ ರಜೆಗೆ 1963ರ ಕಾಯ್ದೆ ಇದೆ. ಅದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ, ಜೊತೆಗೆ ಇನ್ನೂ ಐದು ಹಬ್ಬದ ರಜೆ. ತಮಿಳುನಾಡು, ಕೇರಳಗಳಿಗೆ ಅವುಗಳದೇ ಕಾಯ್ದೆ. ಹಾಗಾಗಿ ಒಂದೇ ಕಂಪನಿಯ ಬೆಂಗಳೂರು, ಚೆನ್ನೈ ಶಾಖೆಗಳ ಪಟ್ಟಿಯೂ ಒಂದೇ ತರ ಇರುವುದಿಲ್ಲ. ರಾಜ್ಯೋತ್ಸವಕ್ಕೆ ಇಲ್ಲಿ ಬಾಗಿಲು ಹಾಕಿದಾಗ ಚೆನ್ನೈಯವರು ಕೂತು ಮೇಲ್ ಕಳಿಸುತ್ತಿರುತ್ತಾರೆ.

ಆಫೀಸು ತೆರೆದಿರುತ್ತಾ ಇಲ್ವಾ ಅನ್ನೋದಕ್ಕೆ ಇದಕ್ಕಿಂತ ಖಚಿತ ಉತ್ತರ ಬೇರೆಲ್ಲೂ ಸಿಗಲ್ಲ. ಪ್ರತಿ ಶಾಖೆಯ ಎಚ್‌ಆರ್ ಹತ್ತಿರ ಜನವರಿಯಲ್ಲೇ ಕೇಳಿ ಪಡೆಯಿರಿ. ಐಚ್ಛಿಕ ರಜೆಗಳ ಪಟ್ಟಿಯನ್ನೂ ಕೇಳಿ, ಅದನ್ನು ಕೇಳದಿದ್ದರೆ ಅವರು ಕೊಡುವುದಿಲ್ಲ. ಗ್ರಾಹಕ ಕಂಪನಿಯವರು ಸೇರುವ ಮೀಟಿಂಗ್ ಆದರೆ ಅವರ ಪಟ್ಟಿ ಬೇರೆಯೇ ಇರುತ್ತೆ. ಅಂಥ ಸಂದರ್ಭದಲ್ಲಿ ಮೊದಲು ಅವರದ್ದನ್ನು ನೋಡಿ, ಆಮೇಲೆ ನಿಮ್ಮದು.

ಜನರನ್ನೇ ಕೇಳುವುದು

ಮೇಲಿನ ನಾಲ್ಕೂ ಹೇಳುವುದು ಬಾಗಿಲು ಯಾವಾಗ ಮುಚ್ಚಿರುತ್ತೆ ಎಂದು. ಜನ ಯಾವಾಗ ಇರುವುದಿಲ್ಲ ಅನ್ನೋದು ಬೇರೆ ಪ್ರಶ್ನೆ. ಉತ್ರಾಡಂ ಸಂಜೆ, ಹೊಸತೊಡಕು, ಗಣೇಶನ ಜೊತೆ ಬರುವ ಗೌರಿ, ದುರ್ಗಾಪೂಜೆಗೆ ಊರಿಗೆ ಹೋಗುವ ರೈಲಿನ ದಿನ, ಮಕ್ಕಳ ದಸರಾ ರಜೆ. ಇವೆಲ್ಲ ಕೇಳಿದರೆ ಮಾತ್ರ ತಿಳಿಯುತ್ತೆ.

ಹೇಗೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿರುತ್ತೆ. ಗುಂಪಿನಲ್ಲಿ "4ನೇ ತಾರೀಕು ಎಲ್ಲರಿಗೂ ಓಕೆನಾ?" ಎಂದು ಕೇಳಿದರೆ ಮೊದಲ ಮೂವರು ಓಕೆ ಎಂದ ಮೇಲೆ ನಾಲ್ಕನೆಯವರು ಬೇಡ ಎನ್ನುವುದಿಲ್ಲ. ನಮ್ಮ ಕೊಚ್ಚಿಯವರಿಗೆ ಆಗಿದ್ದೂ ಹಾಗೇ. ಅದಕ್ಕೇ ಈಗ ನಾನು ದಿನಾಂಕ ಹೇಳುವ ಮೊದಲು, ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದು "ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಿಮಗೆ ಪ್ರಯಾಣ ಮಾಡಲು ಆಗದ ದಿನಗಳು ಯಾವುವು?" ಎಂದು ಕೇಳುತ್ತೇನೆ. ಕಾರಣ ಕೇಳುವುದಿಲ್ಲ. ಹಬ್ಬ ಕೇಳಿದರೆ ಧರ್ಮ, ಜಾತಿ ಕೇಳಿದಂತೆ ಅನಿಸಬಹುದು. ಶ್ರಾದ್ಧವೋ, ಆಸ್ಪತ್ರೆಯೋ, ಊರ ಜಾತ್ರೆಯೋ, ಅದು ಅವರ ವಿಷಯ. ನನಗೆ ತಾರೀಕು ಸಾಕು.

ಇದರ ಕಷ್ಟ ಏನೆಂದರೆ ಸಮಯ ಹಿಡಿಯುತ್ತೆ, ಮತ್ತು ಜನರಿಗೂ ತಮ್ಮ ಹಬ್ಬದ ತಾರೀಕು ನೆನಪಿರುವುದಿಲ್ಲ. ಮೂರು ತಿಂಗಳ ಆಚೆಯ ಗಣೇಶ ಚೌತಿ ಯಾವಾಗ ಎಂದರೆ ಎಷ್ಟು ಜನ ಥಟ್ಟನೆ ಹೇಳಬಲ್ಲರು? ಹಾಗಾಗಿ ಕೇಳುವ ಮೊದಲು ಬ್ಯಾಂಕ್ ಪಟ್ಟಿಯಿಂದ ಅವರ ಊರಿನ ರಜೆಗಳನ್ನು ಬರೆದು ಕೊಟ್ಟು, "ಇವು ಬಿಟ್ಟು ಬೇರೆ?" ಎಂದು ಕೇಳುವುದು ಒಳ್ಳೆಯದು. ಆ ಸಾಲು ನೋಡಿದ ಕೂಡಲೇ ಉಳಿದದ್ದು ನೆನಪಾಗುತ್ತೆ.

ಹಾಗಾದರೆ ಯಾವುದು?

ಒಂದೆರಡು ಗಂಟೆಯ ಕರೆಗೆ ಬ್ಯಾಂಕ್ ಪಟ್ಟಿ ನೋಡಿ ಕಳಿಸಿಬಿಡಿ. ವಾರವಾರ ಬರುವ ಮೀಟಿಂಗಿಗೆ ಕಂಪನಿಯ ಪಟ್ಟಿ ಸಾಕು, ರಜೆ ಬಂದ ವಾರ ತಾನಾಗೇ ಬಿಟ್ಟರಾಯ್ತು. ಜನ ಊರಿಂದ ಊರಿಗೆ ಬರಬೇಕಾದರೆ ಮಾತ್ರ ಬ್ಯಾಂಕ್ ಪಟ್ಟಿಯಿಂದ ಆಗದ ದಿನಗಳನ್ನು ತೆಗೆದುಹಾಕಿ, ಕಂಪನಿ ಪಟ್ಟಿಯಿಂದ ಖಚಿತ ಮಾಡಿಕೊಂಡು, ಉಳಿದ ದಿನಗಳನ್ನು ಜನರ ಮುಂದಿಡಿ. ಈ ಕ್ರಮ ತಿರುಗಿಸಬೇಡಿ. ಮೊದಲೇ ಜನರನ್ನು ಕೇಳಿದರೆ ಹತ್ತು ದಿನ ಉತ್ತರ ಕಾಯುತ್ತೀರಿ, ಕೊನೆಗೆ ಯಾವ ದಿನವೂ ಉಳಿಯುವುದಿಲ್ಲ.

ನಮ್ಮ ಐದು ಊರಿನ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ. 2025ರ ಸೆಪ್ಟೆಂಬರ್, ಅಕ್ಟೋಬರ್. ಎರಡು ದಿನದ ಮೀಟಿಂಗ್, ಹಿಂದೆ ಒಂದು ದಿನ ಬರಲು, ಮುಂದೆ ಒಂದು ದಿನ ಹೋಗಲು. ಅಂದರೆ ಬೇಕಾದ್ದು ನಾಲ್ಕು ದಿನ. ಮಂಗಳವಾರ ಹೊರಟು, ಬುಧ ಗುರು ಕೂತು, ಶುಕ್ರವಾರ ವಾಪಸ್.

ಸೆಪ್ಟೆಂಬರ್ 1ರ ವಾರ ಕೊಚ್ಚಿಗೆ ಓಣಂ. ಪುಣೆಯಲ್ಲಿ 2ಕ್ಕೆ ಗೌರಿ ವಿಸರ್ಜನೆ, 6ರ ಶನಿವಾರ ಅನಂತ ಚತುರ್ದಶಿಯ ಮೆರವಣಿಗೆ. ಆ ವಾರ ಹೋಯಿತು.

8ರ ವಾರ. ಓಣಂ ಮುಗಿದಿದೆ, ಗಣಪತಿ ಮುಳುಗಿದ್ದಾನೆ. ಪಿತೃಪಕ್ಷ ಶುರು. ಅದು ರಜೆಯಲ್ಲ. ಹೊಸ ಕೆಲಸ ಶುರು ಮಾಡಲು ಕೆಲವರು ಹಿಂಜರಿಯುತ್ತಾರೆ, ಮದುವೆ ಗೃಹಪ್ರವೇಶ ಇರುವುದಿಲ್ಲ. ಹಾಗಾಗಿ ಮೀಟಿಂಗಿಗೆ ಇದು ನಿಜಕ್ಕೂ ಒಳ್ಳೆಯ ಹದಿನೈದು ದಿನ. ಜನ ಊರಲ್ಲೇ ಇರುತ್ತಾರೆ. ಮನೆಯಲ್ಲಿ ಶ್ರಾದ್ಧ ಇರುವವರು ಮಾತ್ರ ತಮ್ಮ ತಿಥಿಯ ದಿನ ಬರಲಾರರು, ಅದನ್ನು ಕೇಳಿ ತಿಳಿದುಕೊಳ್ಳಬೇಕು. 10, 11 ಗುರುತು ಹಾಕಿಕೊಂಡೆ.

15ರ ವಾರವೂ ಖಾಲಿ. ಆದರೆ 17ಕ್ಕೆ ವಿಶ್ವಕರ್ಮ ಪೂಜೆ. ಕೋಲ್ಕತ್ತದ ಕಾರ್ಖಾನೆ, ವರ್ಕ್‌ಶಾಪುಗಳಲ್ಲಿ ನಮ್ಮ ಆಯುಧಪೂಜೆಯ ತರ ಅದು. ಕಂಪ್ಯೂಟರ್ ಮುಂದೆ ಕೂರುವ ತಂಡಕ್ಕೆ ಅಡ್ಡಿಯಿಲ್ಲ, ಯಂತ್ರದ ಜೊತೆ ಕೆಲಸ ಮಾಡುವವರಿಗೆ ಅಡ್ಡಿ.

22ರಿಂದ ನವರಾತ್ರಿ. ಪಟ್ಟಿಯ ಪ್ರಕಾರ ನಮ್ಮ ಐದೂ ಊರಿನಲ್ಲಿ ಆ ವಾರ ಆಫೀಸು ತೆರೆದಿದೆ. ಆದರೂ ನಾನು ಅದನ್ನು ಮುಟ್ಟುವುದಿಲ್ಲ. ಕರ್ನಾಟಕದ ಶಾಲೆಗಳಿಗೆ 20ರಿಂದಲೇ ದಸರಾ ರಜೆ. ಕೋಲ್ಕತ್ತದವರ ಮನಸ್ಸು ಪೂಜೆಯ ಮೇಲೆ. ಅವರಿಗೆ ದುರ್ಗಾಪೂಜೆ ಎಂದರೆ ವರ್ಷಕ್ಕೊಂದೇ ಸಲ ಎಲ್ಲರೂ ಮನೆ ಸೇರುವ ಹಬ್ಬ. ಶುಕ್ರವಾರ ಬೆಂಗಳೂರಿನಿಂದ ಹೊರಡಿಸಿ ಭಾನುವಾರದ ಷಷ್ಠಿಗೆ ತಲುಪಿ ಎನ್ನುವುದು ನ್ಯಾಯವಲ್ಲ.

29ರ ವಾರದಲ್ಲಿ ಅಷ್ಟಮಿ, ಆಯುಧಪೂಜೆ, ವಿಜಯದಶಮಿ, ಗಾಂಧಿ ಜಯಂತಿ. ಮಾತೇ ಇಲ್ಲ.

ಅಕ್ಟೋಬರ್ 6, ಸೋಮವಾರ, ಕೋಲ್ಕತ್ತದಲ್ಲಿ ಲಕ್ಷ್ಮೀಪೂಜೆಯ ರಜೆ. ನಾವು ಲಕ್ಷ್ಮೀಪೂಜೆ ಎಂದರೆ ದೀಪಾವಳಿ ಅಂದುಕೊಳ್ಳುತ್ತೇವೆ. ಬಂಗಾಳದಲ್ಲಿ ಅದು ದಸರಾ ಆದ ಮೇಲಿನ ಹುಣ್ಣಿಮೆಗೆ. 7ಕ್ಕೆ ಇಲ್ಲಿ ವಾಲ್ಮೀಕಿ ಜಯಂತಿ. 8, 9 ಆಗುತ್ತೆ, ಸ್ವಲ್ಪ ಇಕ್ಕಟ್ಟು. 13ರ ವಾರ ಪಟ್ಟಿಯಲ್ಲಿ ಖಾಲಿ, ಆದರೆ ದೀಪಾವಳಿ ಮುಂದಿನ ವಾರವೇ ಇರುವುದರಿಂದ 17ರ ಶುಕ್ರವಾರ ವಾಪಸ್ ಹೋಗುವ ಟಿಕೆಟ್ ಸಿಗುವುದು ಕಷ್ಟ. 20ರ ವಾರ ಮೇಲೆ ನೋಡಿದ್ದೀರಿ. 27ಕ್ಕೆ ಛಠ್ ಪೂಜೆ, ಕೋಲ್ಕತ್ತದಲ್ಲಿ ಬ್ಯಾಂಕ್ ರಜೆ, ಬಿಹಾರ ಮೂಲದವರು ಯಾವ ಊರಿನ ತಂಡದಲ್ಲಿದ್ದರೂ 28ರ ಬೆಳಗಿನ ಅರ್ಘ್ಯದವರೆಗೆ ಸಿಗುವುದಿಲ್ಲ. 29, 30 ಪರವಾಗಿಲ್ಲ, ಶನಿವಾರ ರಾಜ್ಯೋತ್ಸವ.

ಎರಡು ತಿಂಗಳಲ್ಲಿ ನಿಜವಾಗಿ ಉಳಿದಿದ್ದು ಸೆಪ್ಟೆಂಬರ್ 10–11, 17–18, ಅಕ್ಟೋಬರ್ 8–9, 29–30. ನಾಲ್ಕೇ ಜೋಡಿ. ಫೋನಿನ ಕ್ಯಾಲೆಂಡರಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಖಾಲಿ ದಿನ ಕಾಣುತ್ತಿತ್ತು. ನಾನು ಮೊದಲ ಜೋಡಿಯನ್ನು ಮುಂದೆ ಮಾಡಿ, ಮೂರನೆಯದನ್ನು ಬದಲಿಯಾಗಿ ಇಟ್ಟೆ. ಪುಣೆಯ ಒಬ್ಬರಿಗೆ 11ರಂದು ಮನೆಯಲ್ಲಿ ಕೆಲಸವಿತ್ತು. ಅವರು ಮೊದಲ ದಿನ ಮುಗಿಸಿ ಸಂಜೆ ಹೊರಟರು. ಉಳಿದವರೆಲ್ಲ ಬಂದರು.

ಹೋದ ವರ್ಷದ ಶೀಟ್ ಯಾಕೆ ಆಗುವುದಿಲ್ಲ

ಇಷ್ಟು ಕಷ್ಟಪಟ್ಟು ಮಾಡಿದ ಶೀಟನ್ನು ಮುಂದಿನ ವರ್ಷಕ್ಕೆ ಹತ್ತು ದಿನ ಹಿಂದೆ ಮುಂದೆ ಮಾಡಿ ಬಳಸಬಹುದಲ್ವಾ ಎಂದು ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ನಮ್ಮ ಹಬ್ಬಗಳು ಒಂದೇ ಗಡಿಯಾರದಲ್ಲಿ ನಡೆಯುವುದಿಲ್ಲ.

ಗಣೇಶ ಚೌತಿ, ದಸರಾ, ದೀಪಾವಳಿ ಚಾಂದ್ರಮಾನದ ತಿಥಿ ಹಿಡಿದು ಬರುತ್ತವೆ. ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತಾ, ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಹಾರುತ್ತವೆ. ಓಣಂ ಸೌರಮಾನದ ಚಿಂಗಂ ತಿಂಗಳಲ್ಲಿ ಶ್ರವಣ ನಕ್ಷತ್ರ ಬರುವ ದಿನ, ಅದಕ್ಕೆ ಅಧಿಕ ಮಾಸದ ಲೆಕ್ಕ ಇಲ್ಲ. ಸಂಕ್ರಾಂತಿ, ತಮಿಳು ಹೊಸ ವರ್ಷ, ವಿಷು ಸೂರ್ಯನ ಜೊತೆ ಹೋಗುವುದರಿಂದ ಹೆಚ್ಚೆಂದರೆ ಒಂದು ದಿನ ಆಚೀಚೆ. ರಂಜಾನ್, ಬಕ್ರೀದ್, ಮಿಲಾದ್ ಹಿಜ್ರಿ ತಿಂಗಳುಗಳಂತೆ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತವೆ, ಎಂದೂ ಮುಂದೆ ಹಾರುವುದಿಲ್ಲ.

ಹಾಗಾಗಿ ಎರಡು ಊರಿನ ಹಬ್ಬಗಳ ನಡುವಿನ ಅಂತರವೇ ಬದಲಾಗುತ್ತೆ. 2025ರಲ್ಲಿ ಗಣೇಶ ಚೌತಿ ಆಗಸ್ಟ್ 27, ಓಣಂ ಸೆಪ್ಟೆಂಬರ್ 5. 2026ರಲ್ಲಿ ಜ್ಯೇಷ್ಠ ಅಧಿಕ ಮಾಸ, ಅದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ ಹೋಯಿತು. ಓಣಂ ಆಗಸ್ಟ್ 26ಕ್ಕೆ ಬಂತು. ಕ್ರಮವೇ ತಿರುಗಿತು. 2025ರಲ್ಲಿ ನಮಗೆ ಅತ್ಯುತ್ತಮವಾಗಿದ್ದ ಸೆಪ್ಟೆಂಬರ್ ಎರಡನೇ ವಾರ 2026ರಲ್ಲಿ ಗಣಪತಿ ತರಲು ಪುಣೆ, ಬೆಂಗಳೂರು ಓಡಾಡುವ ವಾರ.

ನಮ್ಮ ರಾಜ್ಯದ ಒಳಗೇ ಇಂಥದ್ದಿದೆ. 2025ರ ಕೃಷ್ಣಾಷ್ಟಮಿ ಬೆಂಗಳೂರಿನಲ್ಲಿ ಆಗಸ್ಟ್ 16ಕ್ಕೆ ಆಯಿತು. ಉಡುಪಿಯಲ್ಲಿ ಸೌರಮಾನದ ಲೆಕ್ಕ, ಅಲ್ಲಿ ಅಷ್ಟಮಿ ಸೆಪ್ಟೆಂಬರ್ 14, ಮರುದಿನ ವಿಟ್ಲಪಿಂಡಿ. ಮಣಿಪಾಲದಲ್ಲಿ ಕೂತ ತಂಡಕ್ಕೆ ಬೆಂಗಳೂರಿನಿಂದ "ಅಷ್ಟಮಿ ಮುಗೀತಲ್ಲ" ಎಂದರೆ ಅವರಿಗೆ ಇನ್ನೂ ಒಂದು ತಿಂಗಳಿದೆ.

ಕೊನೆ ಗಳಿಗೆಯ ಬದಲಾವಣೆ

ಪಟ್ಟಿ ಸರಿಯಾಗಿ ನೋಡಿದ ಮೇಲೂ ಅದು ಬದಲಾಗಬಹುದು. 2025ರ ಸೆಪ್ಟೆಂಬರ್ 5ಕ್ಕಿದ್ದ ಈದ್ ಮಿಲಾದ್ ರಜೆಯನ್ನು ಮಹಾರಾಷ್ಟ್ರ ಸರ್ಕಾರ ಮುಂಬೈ ನಗರ ಮತ್ತು ಉಪನಗರ ಜಿಲ್ಲೆಗಳಿಗೆ ಮಾತ್ರ 8ಕ್ಕೆ ಬದಲಿಸಿತು, 6ರಂದು ಗಣಪತಿ ವಿಸರ್ಜನೆ ಇದ್ದುದರಿಂದ. ಆದೇಶ ಬಂದಿದ್ದು ಅದೇ ವಾರ. ಪುಣೆಯಲ್ಲಿ ಶುಕ್ರವಾರ ರಜೆ, ಮುಂಬೈಯಲ್ಲಿ ಸೋಮವಾರ. 2024ರಲ್ಲೂ ಅಲ್ಲಿ ಮಿಲಾದ್ ರಜೆ 16ರಿಂದ 18ಕ್ಕೆ ಹೋಗಿತ್ತು. ತಮಿಳುನಾಡಿನಲ್ಲಿ 2024ರ ದೀಪಾವಳಿ ಗುರುವಾರ ಬಂದಾಗ, ಊರಿಗೆ ಹೋದವರಿಗೆ ಅನುಕೂಲವಾಗಲೆಂದು ಸರ್ಕಾರ ನವೆಂಬರ್ 1ರ ಶುಕ್ರವಾರವೂ ರಜೆ ಕೊಟ್ಟು, 9ರ ಶನಿವಾರ ಕೆಲಸದ ದಿನ ಮಾಡಿತು.

ಚಂದ್ರದರ್ಶನ ಆಧರಿಸಿದ ಹಬ್ಬಗಳಲ್ಲಿ ಇದು ಮಾಮೂಲಿ. 2024ರಲ್ಲಿ ಕೇರಳದವರು ಏಪ್ರಿಲ್ 10ಕ್ಕೆ ಈದ್ ಮಾಡಿದರು, ದೇಶದ ಹೆಚ್ಚಿನ ಭಾಗದಲ್ಲಿ 11ಕ್ಕೆ ಆಯಿತು. ನಮ್ಮ ಕರಾವಳಿಯಲ್ಲೂ ಕೇರಳದ ಜೊತೆಗೇ 10ಕ್ಕೆ. ಹಾಗಾಗಿ ಈದ್ ಹತ್ತಿರ ಇದ್ದರೆ ಪಟ್ಟಿಯ ತಾರೀಕಿನ ಹಿಂದೊಂದು, ಮುಂದೊಂದು ದಿನ ಬಿಡಿ. ಬೇರೆ ಹಬ್ಬಗಳಿಗೆ ಶನಿ, ಭಾನುವಾರಕ್ಕೆ ಅಂಟಿಕೊಂಡ ಸೋಮವಾರ, ಶುಕ್ರವಾರಗಳನ್ನು ತಪ್ಪಿಸಿದರೆ ಸಾಕು, ಬದಲಾವಣೆ ಜಾಸ್ತಿ ಬಂದು ಬೀಳುವುದು ಅಲ್ಲೇ. ಮೀಟಿಂಗಿಗೆ ಎರಡು ವಾರ ಇರುವಾಗ ಬ್ಯಾಂಕ್ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿ. ಐದು ನಿಮಿಷದ ಕೆಲಸ.

ಬರೆದು ಕಳಿಸುವ ರೀತಿ

ಒಂದೇ ದಿನಾಂಕ ಕಳಿಸಿದರೆ ಅದು ತೀರ್ಮಾನ ಎಂದು ಜನ ಓದುತ್ತಾರೆ. ಎರಡು ಜೋಡಿ ಕಳಿಸಿ. ನೀವು ಏನೇನು ನೋಡಿದ್ದೀರಿ ಎಂದೂ ಬರೆಯಿರಿ, ಆಗ ಬಿಟ್ಟುಹೋದದ್ದನ್ನು ಹೇಳಲು ಅವರಿಗೆ ಸಂಕೋಚ ಆಗುವುದಿಲ್ಲ. 2026ರ ಆಗಸ್ಟ್, ಸೆಪ್ಟೆಂಬರಿಗೆ ನಾನು ಕಳಿಸಿದ ಸಾಲುಗಳು ಇವು:

"ನಮಸ್ಕಾರ. ಎರಡು ದಿನದ ಮೀಟಿಂಗಿಗೆ ಸೆಪ್ಟೆಂಬರ್ 2–3 ಅಥವಾ 23–24 ಅಂದುಕೊಂಡಿದ್ದೇನೆ. ಆಗಸ್ಟ್ 26ರ ಓಣಂ, ಮಿಲಾದ್ ಮತ್ತು ಸೆಪ್ಟೆಂಬರ್ 14ರ ಗಣೇಶ ಚೌತಿ ಬಿಟ್ಟಿದ್ದೇನೆ. ಪುಣೆಯವರಿಗೆ ವಿಸರ್ಜನೆಯವರೆಗಿನ ದಿನಗಳು ಬೇಕಿದ್ದರೆ ಮೊದಲ ಜೋಡಿ ಒಳ್ಳೆಯದು. ನಿಮ್ಮ ಕಡೆ ಇವುಗಳಲ್ಲಿ ಬರಲಾಗದ ದಿನ ಇದ್ದರೆ ಶುಕ್ರವಾರದೊಳಗೆ ನನಗೊಬ್ಬಳಿಗೇ ಬರೆಯಿರಿ. ಕಾರಣ ಬೇಕಿಲ್ಲ, ತಾರೀಕು ಸಾಕು. ಟಿಕೆಟ್ ಸೋಮವಾರ ಮಾಡಿಸುತ್ತೇನೆ."

ಮೊದಲ ಉತ್ತರ ಕೊಚ್ಚಿಯಿಂದ ಬಂತು, ಅರ್ಧ ಗಂಟೆಯೊಳಗೆ. 2–3 ಆಗುತ್ತೆ, ಆದರೆ ಸಾಧ್ಯವಾದರೆ 3ರ ಸಂಜೆಯ ವಿಮಾನವೇ ಇರಲಿ, 4ಕ್ಕೆ ಇಲ್ಲಿ ಒಂದು ಕೆಲಸವಿದೆ ಎಂದು.